ಸತ್ಯಾಂಶ: ಬಾಯಿಮಾತಿನ ಹೆಚ್ಚುವರಿ ಕೆಲಸಕ್ಕೆ ಹಣ ಸಿಗುತ್ತದೆಯೇ?

ಫಾರ್ವರ್ಡ್ ಆದ ಸಂದೇಶ: "ಕನ್ಸಲ್ಟೆಂಟ್ ಸೈಟಿನಲ್ಲಿ ಬಾಯಲ್ಲಿ ಹೇಳಿದರೆ ಸಾಕು, ಹೆಚ್ಚುವರಿ ಕೆಲಸದ ಹಣ ಫೈನಲ್ ಬಿಲ್‌ನಲ್ಲಿ ಬಂದೇ ಬರುತ್ತದೆ."

ಇದು ತಪ್ಪು. ಹೆಚ್ಚಿನ ನಿರ್ಮಾಣ ಕರಾರುಗಳಲ್ಲಿ ಬದಲಾವಣೆಯ ಆದೇಶ, ಅಂದರೆ ವೇರಿಯೇಷನ್, ಲಿಖಿತವಾಗಿರಬೇಕು. ಆದರೆ ಬಾಯಿಮಾತನ್ನು ಬರಹಕ್ಕೆ ಇಳಿಸುವ ದಾರಿಯೂ ಕೆಲವು ಕರಾರುಗಳಲ್ಲಿದೆ. ಕನ್ಸಲ್ಟಿಂಗ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ ಮಾದರಿ ಕರಾರು, ಅಂದರೆ 1999ರ ಕೆಂಪು ಪುಸ್ತಕದ 3.3ನೇ ಕಲಮಿನ ಪ್ರಕಾರ, ಸೂಚನೆ ಸಿಕ್ಕ 2 ಕೆಲಸದ ದಿನಗಳೊಳಗೆ ಗುತ್ತಿಗೆದಾರರು ಅದನ್ನು ಬರೆದು ದೃಢೀಕರಿಸಬೇಕು. ಮುಂದಿನ 2 ಕೆಲಸದ ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಆ ಪತ್ರವೇ ಆದೇಶವಾಗುತ್ತದೆ.

ಉದಾಹರಣೆಗೆ, ನಕ್ಷೆಯಲ್ಲಿ ಪಾಯದ ಆಳ 1.5 ಮೀಟರ್ ಇದೆ. ಮಣ್ಣು ಮೆತ್ತಗಿದೆಯೆಂದು ಕನ್ಸಲ್ಟೆಂಟ್ 2.1 ಮೀಟರ್ ಅಗೆಯಲು ಹೇಳಿದರು. ಅಂದೇ ಪತ್ರ ಬರೆಯಿರಿ: ಯಾರು, ಯಾವಾಗ ಹೇಳಿದರು, ಯಾವ ಪಾಯ, ಎಷ್ಟು ಆಳ. ಕಾಂಕ್ರೀಟ್ ಹಾಕುವ ಮೊದಲೇ ಜಂಟಿ ಅಳತೆ ತೆಗೆದು ಎರಡೂ ಕಡೆಯ ಸಹಿ ಹಾಕಿಸಿ. ಹೆಚ್ಚಿನವರು ಎಡವುವುದು ಇಲ್ಲೇ, ಮಣ್ಣು ಮುಚ್ಚಿದ ಮೇಲೆ ಆ 0.6 ಮೀಟರ್ ಯಾರಿಗೂ ಕಾಣುವುದಿಲ್ಲ.

ಅಗೆತದಿಂದ ಪಾಯದ ಮೈಲಿಗಲ್ಲು ತಡವಾಗುವುದಾದರೆ ಹೆಚ್ಚುವರಿ ಸಮಯವನ್ನೂ ಕೇಳಿ. ಇದೇ ಫಿಡಿಕ್ ಕರಾರಿನಲ್ಲಿ ಕ್ಲೇಮ್ ನೋಟಿಸಿಗೆ 28 ದಿನಗಳ ಗಡುವಿದೆ, ಅದು ದಾಟಿದರೆ ಹಕ್ಕೇ ಹೋಗಬಹುದು.

ಮಂಜೂರಾದ ಹೆಚ್ಚುವರಿ ಮೊತ್ತದಿಂದಲೂ ರಿಟೆನ್ಷನ್, ಅಂದರೆ ಭದ್ರತೆಗಾಗಿ ತಡೆಹಿಡಿಯುವ ಹಣ, ಕಡಿತವಾಗುತ್ತದೆ. 5% ಎಂದಿದ್ದರೆ 1,00,000ಕ್ಕೆ 5,000. ಸಾಮಾನ್ಯವಾಗಿ ಅರ್ಧ ಭಾಗ ಕಾಮಗಾರಿ ಹಸ್ತಾಂತರವಾದಾಗ, ಉಳಿದರ್ಧ ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಮರಳುತ್ತದೆ. ನಿಮ್ಮ ಕರಾರಿನ ವಿಶೇಷ ಷರತ್ತುಗಳು ಈ ದಿನಗಳನ್ನೂ ಶೇಕಡಾವಾರನ್ನೂ ಬದಲಿಸಿರಬಹುದು, ಮೊದಲು ಅವನ್ನೇ ಓದಿ.