ಹನ್ನೊಂದು ತಿಂಗಳಿಗೆ ಬೇಡ, ಹದಿಮೂರಕ್ಕೆ ಸರಿ: ಜೇನುತುಪ್ಪದ ಲೆಕ್ಕ

"ನಾವೆಲ್ಲ ಹುಟ್ಟಿದ ದಿನವೇ ಜೇನು ನೆಕ್ಕಿದವರು. ನಮಗೇನಾಯಿತು?" ಮಧುಗಿರಿಯಲ್ಲಿರುವ ನಮ್ಮ ದೊಡ್ಡಮ್ಮ ಮನೆತನದಲ್ಲಿ ಹೊಸ ಮಗು ಬಂದಾಗಲೆಲ್ಲ ಫೋನಿನಲ್ಲಿ ಈ ಪ್ರಶ್ನೆ ಕೇಳುತ್ತಾರೆ. ನಾನು ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಇಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಕೊಡಬೇಡಿ ಎಂದು ಜೇನಿನ ಬಾಟಲಿಯ ಚೀಟಿ ಹೇಳುತ್ತದೆ, ಮಕ್ಕಳ ವೈದ್ಯರೂ ಅದನ್ನೇ ಹೇಳುತ್ತಾರೆ, ತಾಯಂದಿರು ತಲೆಯಾಡಿಸುತ್ತಾರೆ. ಯಾಕೆ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ "ಏನೋ ಬ್ಯಾಕ್ಟೀರಿಯಾ ಇರುತ್ತದಂತೆ" ಎಂದು ಮಾತು ಮುಗಿಸುತ್ತಾರೆ. ನನಗಂತೂ ಈ ತಲೆಯಾಡಿಸುವಿಕೆಗಿಂತ ದೊಡ್ಡಮ್ಮನ ತಕರಾರೇ ಮೇಲು ಅನ್ನಿಸುತ್ತದೆ. ಅದಕ್ಕೆ ಸರಿಯಾದ ಉತ್ತರ ಇದೆ. ಅದನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಅಷ್ಟೇ.

ಜೇನಿನಲ್ಲಿ ವಿಷ ಇರುವುದಿಲ್ಲ ಎಂಬಲ್ಲಿಂದಲೇ ಆ ಉತ್ತರ ಶುರುವಾಗಬೇಕು. ಕೆಲವು ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಇವು ಮಣ್ಣಿನಲ್ಲಿ, ದೂಳಿನಲ್ಲಿ, ಕೆರೆಯ ಕೆಸರಿನಲ್ಲಿ ಲೋಕವಿಡೀ ಇವೆ. ಹುಳು ಹೂವಿನಿಂದ, ನೀರಿನಿಂದ ತಂದ ದೂಳಿನ ಜೊತೆ ಗೂಡು ಸೇರುತ್ತವೆ. ಬೀಜಾಣು ಎಂದರೆ ಬ್ಯಾಕ್ಟೀರಿಯಾ ಗಟ್ಟಿ ಹೊದಿಕೆ ಹೊದ್ದು ಮಲಗಿರುವ ರೂಪ. ಅದು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ವಿಷ ಮಾಡುವುದೂ ಇಲ್ಲ. ಜೇನಿನಲ್ಲಿ ನೀರಿನ ಪಾಲು ನೂರಕ್ಕೆ ಇಪ್ಪತ್ತರ ಆಸುಪಾಸು, ಅದನ್ನೂ ಸಕ್ಕರೆ ಬಿಗಿಯಾಗಿ ಹಿಡಿದಿರುತ್ತದೆ, ಜೊತೆಗೆ ಹುಳಿಯ ಗುಣ ಬೇರೆ. ಹಾಗಾಗಿ ಬಾಟಲಿಯಲ್ಲಿ ವರ್ಷಗಟ್ಟಲೆ ಇದ್ದರೂ ಬೀಜಾಣು ಏಳುವುದಿಲ್ಲ, ಸಾಯುವುದೂ ಇಲ್ಲ. ಅದು ಎದ್ದೇಳುವುದು ಗಾಳಿಯಿಲ್ಲದ, ತೇವವಿರುವ, ಬೆಚ್ಚಗಿನ, ಎದುರಾಳಿಗಳಿಲ್ಲದ ಜಾಗ ಸಿಕ್ಕಾಗ. ಮೂರು ತಿಂಗಳ ಮಗುವಿನ ದೊಡ್ಡ ಕರುಳು ಅಂಥ ಜಾಗ. ಅಲ್ಲಿ ಎದ್ದ ಬ್ಯಾಕ್ಟೀರಿಯಾ ವಿಷ ಮಾಡತೊಡಗುತ್ತದೆ, ಅದರಿಂದ ಸ್ನಾಯುಗಳು ಸೋಲುವ ರೋಗವೇ ಶಿಶು ಬೊಟ್ಯುಲಿಸಂ.

ಹಾಗಾದರೆ ಮೂರು ವರ್ಷದ ಮಗುವಿನ ಕರುಳು ಯಾಕೆ ಅಲ್ಲ? ಅದೂ ಬೆಚ್ಚಗಿದೆ, ಅಲ್ಲಿಯೂ ಗಾಳಿಯಿಲ್ಲ. ವ್ಯತ್ಯಾಸ ಇರುವುದು ಎದುರಾಳಿಗಳಲ್ಲಿ. ರಾಗಿ ದಟ್ಟವಾಗಿ ಎದ್ದ ಹೊಲದಲ್ಲಿ ಕಳೆಯ ಬೀಜ ಬಿದ್ದರೂ ತಲೆ ಎತ್ತಲು ಜಾಗ ಸಿಗುವುದಿಲ್ಲ, ಹದ ಮಾಡಿ ಖಾಲಿ ಬಿಟ್ಟ ಹೊಲದಲ್ಲಿ ಅದೇ ಬೀಜ ವಾರದಲ್ಲಿ ಹರಡುತ್ತದೆ. ಹುಟ್ಟಿದ ಮಗುವಿನ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವಸತಿ ಇನ್ನೂ ಶುರುವಾಗುತ್ತಿರುತ್ತದೆ. ತಾಯಿಯ ಹಾಲಿನಲ್ಲಿ ಕೆಲವು ಬಗೆಯವು ನೆಲೆಸುತ್ತವೆ. ರಾಗಿ ಸರಿ, ಅನ್ನ, ಬೇಳೆಕಟ್ಟು ಒಳಗೆ ಹೋಗತೊಡಗಿದ ಮೇಲೆ ನೂರಾರು ಬಗೆಯವು ಬರುತ್ತವೆ. ಅವು ಆಹಾರವನ್ನೂ ಜಾಗವನ್ನೂ ಹಿಡಿದುಕೊಳ್ಳುತ್ತವೆ, ಹೊಸಬರನ್ನು ತಡೆಯುವ ಆಮ್ಲಗಳನ್ನು ಬಿಡುತ್ತವೆ. ಪಿತ್ತರಸದ ಆಮ್ಲಗಳೂ ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಅಡಗಿಸುತ್ತವೆ, ಎಳೆಯ ಮಗುವಿನಲ್ಲಿ ಅವುಗಳ ಪ್ರಮಾಣ ಕಡಿಮೆ.

ಇದು ಬರೀ ಊಹೆಯಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಮರಿಗಳಿಗೆ ಈ ಬೀಜಾಣು ಕೊಟ್ಟು ನೋಡಿದರು. ಒಂದೆರಡು ವಾರದ ಮರಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿತು, ಬೆಳೆದ ಇಲಿಗಳಲ್ಲಿ ಊರಲಿಲ್ಲ. ಆದರೆ ಯಾವ ಸೂಕ್ಷ್ಮಜೀವಿಯೂ ತಾಗದಂತೆ ಸಾಕಿದ ಬೆಳೆದ ಇಲಿಗಳಲ್ಲಿ ಕೆಲವೇ ಬೀಜಾಣುಗಳಿಗೂ ಅದು ಬೇರೂರಿತು. ಅಂದರೆ ಕಾಯುವುದು ವಯಸ್ಸಲ್ಲ, ಕರುಳಿನ ನಿವಾಸಿಗಳು. ಮನುಷ್ಯರಲ್ಲೂ ಬಹಳ ಅಪರೂಪಕ್ಕೆ, ಕರುಳಿನ ಶಸ್ತ್ರಚಿಕಿತ್ಸೆಯಾದ ಅಥವಾ ದೀರ್ಘಕಾಲ ಆಂಟಿಬಯಾಟಿಕ್ ನುಂಗಿದ ದೊಡ್ಡವರಿಗೆ ಇದೇ ರೋಗ ಬಂದದ್ದುಂಟು. ನಾವೆಲ್ಲ ತರಕಾರಿಯ ಮಣ್ಣಿನೊಂದಿಗೆ, ದೂಳಿನೊಂದಿಗೆ ಇವೇ ಬೀಜಾಣುಗಳನ್ನು ನುಂಗುತ್ತಲೇ ಇರುತ್ತೇವೆ, ಅವು ಬಂದ ಹಾಗೆ ಹೊರಗೆ ಹೋಗುತ್ತವೆ.

ಒಂದು ವರ್ಷದ ಗೆರೆ ಪ್ರಕೃತಿ ಎಳೆದದ್ದೇನಲ್ಲ. ವರದಿಯಾದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಆರು ತಿಂಗಳೊಳಗಿನ ಮಕ್ಕಳವು. ಆರರಿಂದ ಹನ್ನೆರಡರ ನಡುವೆ ಕೆಲವು ಬರುತ್ತವೆ, ಆಮೇಲೆ ಹೆಚ್ಚುಕಡಿಮೆ ನಿಲ್ಲುತ್ತವೆ. ಎಲ್ಲ ಮಕ್ಕಳ ಕರುಳೂ ಒಂದೇ ದಿನ ತುಂಬಿಕೊಳ್ಳುವುದಿಲ್ಲವಾದ್ದರಿಂದ ಸ್ವಲ್ಪ ಜಾಗ ಬಿಟ್ಟು ಬೇಲಿ ಹಾಕಿದ್ದಾರೆ.

ಈಗ ದೊಡ್ಡಮ್ಮನ ಪ್ರಶ್ನೆ. ನಿಮಗೇನೂ ಆಗಲಿಲ್ಲ, ಯಾಕೆಂದರೆ ಎಲ್ಲ ಜೇನಿನಲ್ಲೂ ಬೀಜಾಣು ಇರುವುದಿಲ್ಲ, ಇದ್ದರೂ ನುಂಗಿದ ಎಲ್ಲ ಮಕ್ಕಳಲ್ಲೂ ಅದು ಮೊಳೆಯುವುದಿಲ್ಲ. ರೋಗ ನಿಜಕ್ಕೂ ಅಪರೂಪ. ಇಲ್ಲಿನವರು ಇದನ್ನು ಒಪ್ಪಿಕೊಳ್ಳದೆ ಜೇನನ್ನೇ ವಿಷ ಎಂಬಂತೆ ಮಾತನಾಡುವುದು ನನಗೆ ಹಿಡಿಸುವುದಿಲ್ಲ. ಅಮೆರಿಕದಲ್ಲೇ ಈ ರೋಗ ಬಂದ ಹೆಚ್ಚಿನ ಮಕ್ಕಳು ಜೇನು ಮುಟ್ಟಿದವರಲ್ಲ, ದೂಳಿನಿಂದ ಬಂದಿರಬೇಕು ಎನ್ನುತ್ತಾರೆ. ದೂಳನ್ನು ತಡೆಯಲು ಯಾರಿಂದಲೂ ಆಗದು. ಜೇನನ್ನು ತಡೆಯಲು ಬಾಟಲಿಯ ಮುಚ್ಚಳ ತೆರೆಯದಿದ್ದರೆ ಸಾಕು. ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು ಎನ್ನುವಾಗ ಜೇನಿನಿಂದ ಮಗುವಿಗೆ ಸಿಗುವ ಲಾಭವೂ ಇಲ್ಲ. ಹಾಗೆಂದು "ಏನಾಯಿತು" ಎಂಬ ಪ್ರಶ್ನೆಯನ್ನು ಬದುಕಿ ಉಳಿದವರು ಮಾತ್ರ ಕೇಳಲು ಸಾಧ್ಯ ಎಂಬುದನ್ನೂ ಮರೆಯಬಾರದು. ಹಿಂದೆ ತೊಟ್ಟಿಲಲ್ಲೇ ಹೋದ ಮಕ್ಕಳಿಗೆ ದೃಷ್ಟಿ, ಬಾಲಗ್ರಹ ಎಂದು ಹೆಸರಿಟ್ಟು ಮುಗಿಸುತ್ತಿದ್ದರು. ಮಲ ಪರೀಕ್ಷೆ ಯಾರು ಮಾಡಿದ್ದರು? ಈ ರೋಗವನ್ನು ಬೇರೆಯಾಗಿ ಗುರುತಿಸಿದ್ದೇ 1976ರಲ್ಲಿ, ಇದೇ ಕ್ಯಾಲಿಫೋರ್ನಿಯಾದಲ್ಲಿ.

ನಮ್ಮ ಕಡೆಯವರ ಇನ್ನೊಂದು ವಾದ ಶುದ್ಧತೆಯದು. ಅಂಗಡಿಯ ಬಾಟಲಿಯಲ್ಲಿ ಸಕ್ಕರೆ ಪಾಕ ಬೆರೆಸಿರುತ್ತಾರೆ, ಬಂಡೆಯಿಂದ ಇಳಿಸಿದ ಹೆಜ್ಜೇನಾದರೆ ಭಯವಿಲ್ಲ ಎಂದು. ಕಲಬೆರಕೆಯ ಭಯ ಸರಿಯಾದದ್ದೇ, ಆದರೆ ಅದು ಬೇರೆ ವಿಷಯ. ಬೀಜಾಣು ಕಲಬೆರಕೆಯಿಂದ ಬರುವುದಲ್ಲ, ಗೂಡಿನಿಂದಲೇ ಬರುವುದು. ಹುಟ್ಟನ್ನು ಮರಿಹುಳುಗಳ ಸಮೇತ ಕೈಯಲ್ಲಿ ಹಿಂಡಿ ಬಟ್ಟೆಯಲ್ಲಿ ಸೋಸಿದ ಜೇನಿನಲ್ಲಿ ಅದು ಕಡಿಮೆ ಇರಲು ಯಾವ ಕಾರಣವೂ ಇಲ್ಲ. ಸೋಸುವ ಬಟ್ಟೆಗೆ ಅದು ಸಿಗುವಷ್ಟು ದೊಡ್ಡದೂ ಅಲ್ಲ.

ಕಾಯಿಸಿದರೆ? ಕುದಿಯುವ ನೀರಿನ ಶಾಖದಲ್ಲಿ ಬೀಜಾಣು ಗಂಟೆಗಟ್ಟಲೆ ಬದುಕಬಲ್ಲದು. ಇಲ್ಲಿ ಎರಡು ಸಂಗತಿ ಬೆರೆತುಹೋಗುತ್ತವೆ: ಬ್ಯಾಕ್ಟೀರಿಯಾ ತಯಾರಿಸುವ ವಿಷ ಸೂಕ್ಷ್ಮ, 85 ಡಿಗ್ರಿಯಲ್ಲಿ ಐದು ನಿಮಿಷಕ್ಕೆ ಕೆಡುತ್ತದೆ. ಬೀಜಾಣು ಮಾತ್ರ ಡಬ್ಬಿ ಆಹಾರದ ಕಾರ್ಖಾನೆಗಳು ಬಳಸುವಂತೆ 121 ಡಿಗ್ರಿಯ ಒತ್ತಡದ ಹಬೆಗೆ ಮಣಿಯುತ್ತದೆ. ಕುಕ್ಕರಿನಲ್ಲಿ ಇಟ್ಟರಾಯಿತಲ್ಲ ಎಂದು ನನ್ನ ತಮ್ಮ ಕೇಳಿದ. ನೀರು ಕಡಿಮೆ ಇರುವ ಜೇನಿನೊಳಗೆ ಬೀಜಾಣು ಇನ್ನೂ ಗಟ್ಟಿ. ಅದು ಸಾಯುವ ಹೊತ್ತಿಗೆ ಜೇನು ಕರಕಲು ಪಾಕವಾಗಿರುತ್ತದೆ, ಅದನ್ನು ಮಗುವೂ ಮುಟ್ಟದು.

ಎರಡೂ ಊರುಗಳ ಪದ್ಧತಿಯಲ್ಲಿ ಅಪಾಯ ಎಲ್ಲಿ ಅಡಗಿದೆ ಎಂದು ನೋಡಿದರೆ ತಮಾಷೆಯಾಗಿದೆ. ಅಮೆರಿಕದಲ್ಲಿ 2018ರಲ್ಲಿ ಟೆಕ್ಸಾಸಿನ ನಾಲ್ಕು ಹಸುಗೂಸುಗಳಿಗೆ ಈ ರೋಗ ಬಂದಾಗ, ನಾಲ್ಕೂ ಮಕ್ಕಳು ಮೆಕ್ಸಿಕೊದಿಂದ ತಂದ, ಒಳಗೆ ಜೇನು ತುಂಬಿದ ಚೀಪುವ ನಿಪ್ಪಲ್ ಬಳಸಿದ್ದು ತಿಳಿಯಿತು. ನಮ್ಮಲ್ಲಿ ಜೇನು ಔಷಧದ ಜೊತೆ ಹೋಗುತ್ತದೆ. ಬಜೆ, ಅಳಲೆಕಾಯಿ, ಜಾಯಿಕಾಯಿಯನ್ನು ಕಲ್ಲಿನ ಮೇಲೆ ತೇಯ್ದು, ಜೇನಿನಲ್ಲಿ ಕಲಸಿ, ಬೆರಳಿನಿಂದ ನಾಲಿಗೆಗೆ ಹಚ್ಚುತ್ತಾರೆ. ಬಜೆಯಂತೂ ಕೆಸರಿನಲ್ಲಿ ಬೆಳೆಯುವ ಬೇರು, ಅದರ ಮೇಲೂ ಮಣ್ಣಿನ ಬೀಜಾಣು ಇರಬಹುದು. ಬಾಣಂತಿ ತಾನು ಲೇಹ್ಯದಲ್ಲಿ ಜೇನು ತಿಂದರೆ ತೊಂದರೆಯಿಲ್ಲ, ಬೀಜಾಣು ಹಾಲಿಗೆ ಇಳಿಯುವುದಿಲ್ಲ. ಜೇನು ಮುಟ್ಟಿದ ಬೆರಳನ್ನು ತೊಳೆದು ಮಗುವನ್ನು ಎತ್ತಿಕೊಂಡರಾಯಿತು.

ನಮ್ಮ ಪದ್ಧತಿಯ ನಿಜವಾದ ತೊಡಕು ಬೇರೆ ಇದೆ. ಮಧುಗಿರಿ ಕಡೆಯ ಮೂರು ತಿಂಗಳ ಮಗುವೊಂದನ್ನು ಕಲ್ಪಿಸಿಕೊಳ್ಳಿ. ನಾಮಕರಣದ ದಿನ ಜೇನು ನೆಕ್ಕಿಸಿದ್ದಾರೆ, ಆಮೇಲೂ ಆಗಾಗ ತೇಯ್ದ ಮದ್ದು ಹಾಕಿದ್ದಾರೆ. ಬೀಜಾಣು ಒಳಹೊಕ್ಕು ಮೂರರಿಂದ ಮೂವತ್ತು ದಿನಗಳ ನಡುವೆ ರೋಗ ಕಾಣಿಸಿಕೊಳ್ಳುತ್ತದೆ. ಮೊದಲ ಲಕ್ಷಣ ಮಲಬದ್ಧತೆ. ಮೂರು ದಿನ, ನಾಲ್ಕು ದಿನ ಮಗು ಮಲ ಮಾಡುವುದಿಲ್ಲ. ಅಜ್ಜಿ ಏನು ಮಾಡುತ್ತಾರೆ? ಅಳಲೆಕಾಯಿ ತೇಯ್ದು ಜೇನಿನಲ್ಲಿ ಕೊಡುತ್ತಾರೆ. ರೋಗದ ಮೊದಲ ಗುರುತಿಗೆ ರೋಗದ ಮೂಲವನ್ನೇ ಮದ್ದೆಂದು ಹಾಕಿದ ಹಾಗಾಯಿತು. ಎದೆಹಾಲು ಕುಡಿಯುವ ಆರೋಗ್ಯವಂತ ಮಗು ಕೆಲವು ದಿನ ಮಲ ಮಾಡದೇ ಇರುವುದೂ ಸಹಜವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಆಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಸೋಲು. ರೆಪ್ಪೆ ಜೋಲುತ್ತದೆ, ನಗುತ್ತಿದ್ದ ಮುಖದಲ್ಲಿ ಭಾವ ಕಾಣುವುದಿಲ್ಲ. ಹಾಲು ಎಳೆಯುವ ಬಲ ಕುಗ್ಗಿ ತಾಯಿಯ ಎದೆ ಕಟ್ಟಿಕೊಳ್ಳುತ್ತದೆ, ಇದನ್ನು ತಾಯಿಯೇ ಮೊದಲು ಗಮನಿಸುವುದುಂಟು. ಅಳು ಕ್ಷೀಣವಾಗುತ್ತದೆ. ನಿಲ್ಲುತ್ತಿದ್ದ ಕತ್ತು ಮತ್ತೆ ವಾಲುತ್ತದೆ, ಕೈಕಾಲು ಬಟ್ಟೆಯಂತೆ ಸಡಿಲವಾಗುತ್ತವೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಮಗುವಿಗೆ ಎಚ್ಚರ ಇರುತ್ತದೆ, ನರವೂ ಸ್ನಾಯುವೂ ಕೆಟ್ಟಿರುವುದಿಲ್ಲ. ನರದ ತುದಿ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುವುದನ್ನು ವಿಷ ತಡೆದಿರುತ್ತದೆ. ಈ ತಡೆ ಉಸಿರಾಟದ ಸ್ನಾಯುಗಳಿಗೆ ತಲುಪಿದರೆ ವೆಂಟಿಲೇಟರ್ ಬೇಕಾಗುತ್ತದೆ.

ಇಲ್ಲಿ, ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯೇ ಒದಗಿಸುವ ಪ್ರತಿವಿಷ ಇದೆ. ಬೊಟ್ಯುಲಿಸಂ ಲಸಿಕೆ ಪಡೆದ ಸ್ವಯಂಸೇವಕರ ರಕ್ತದಿಂದ ತಯಾರಿಸುತ್ತಾರೆ, 2003ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದರಿಂದ ಆಸ್ಪತ್ರೆಯ ವಾಸ ಸರಾಸರಿ 5.7 ವಾರಗಳಿಂದ 2.6 ವಾರಗಳಿಗೆ ಇಳಿಯಿತು. ರಕ್ತದಲ್ಲಿ ಸುತ್ತುವ ವಿಷವನ್ನು ಅದು ಹಿಡಿಯುತ್ತದೆ, ಆಗಲೇ ನರಕ್ಕೆ ಅಂಟಿದ್ದನ್ನು ಬಿಡಿಸಲಾರದು. ಹಾಗಾಗಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಅನುಮಾನ ಬಂದ ಕೂಡಲೇ ಕೊಡುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ನಿರೀಕ್ಷಿಸುವ ಹಾಗಿಲ್ಲ. ಅಲ್ಲಿ ಮಗುವನ್ನು ಉಳಿಸುವುದು ಉಸಿರು ಮತ್ತು ಆಹಾರದ ಆರೈಕೆ. ವೆಂಟಿಲೇಟರ್ ಮತ್ತು ಮಕ್ಕಳ ತೀವ್ರ ನಿಗಾ ಇರುವ ಕಡೆ, ತುಮಕೂರಿಗೋ ಬೆಂಗಳೂರಿಗೋ, ಬೇಗ ತಲುಪಿದರೆ ನರದ ತುದಿಗಳು ವಾರ, ತಿಂಗಳುಗಳಲ್ಲಿ ಹೊಸದಾಗಿ ಚಿಗುರುತ್ತವೆ, ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ಅಲ್ಲಿ ವೈದ್ಯರು ಕಾಣುವುದು ಹಾಲು ಕುಡಿಯದ, ಸುಸ್ತಾದ ಒಂದು ಕೂಸನ್ನು. ಮೊದಲು ಬರುವ ಯೋಚನೆ ರಕ್ತದ ಸೋಂಕು, ಅದಕ್ಕೆ ಸಾಮಾನ್ಯವಾಗಿ ಹಾಕುವ ಮದ್ದುಗಳಲ್ಲಿ ಜೆಂಟಾಮೈಸಿನ್ ಒಂದು. ಈ ರೋಗದಲ್ಲಿ ಆ ಗುಂಪಿನ ಮದ್ದು ಸ್ನಾಯುಗಳ ಸೋಲನ್ನು ಇನ್ನೂ ಹೆಚ್ಚಿಸಬಲ್ಲದು. ಬೈಗುಳ ಬೀಳುತ್ತದೆಂದು ಹೆದರಿ ಮನೆಯವರು ಜೇನಿನ ಮಾತೆತ್ತುವುದಿಲ್ಲ, ವೈದ್ಯರಿಗೂ ಕೇಳಬೇಕೆಂದು ಹೊಳೆಯುವುದಿಲ್ಲ. ಆದ್ದರಿಂದ ದೊಡ್ಡಮ್ಮನಿಗೆ ಈ ಸಲ ಫೋನಿನಲ್ಲಿ ಹೇಳಿದೆ: "ಜೇನು ಮುಂದಿನ ವರ್ಷ ನೀವೇ ನೆಕ್ಕಿಸಿ ದೊಡ್ಡಮ್ಮ, ನಾನೇ ಬಾಟಲಿ ತರುತ್ತೇನೆ. ಈಗ ಉಂಗುರವನ್ನು ತೊಳೆದು ತಾಯಿಯ ಹಾಲಿನಲ್ಲಿ ಅದ್ದಿ ಶಾಸ್ತ್ರ ಮುಗಿಸಿ. ಊರಲ್ಲಿ ಯಾರಾದರೂ ಆಗಲೇ ಹಾಕಿದ್ದು, ಮಗು ಮಲ ಮಾಡದೆ, ಕತ್ತು ವಾಲಿಸಿ, ಹಾಲು ಎಳೆಯದೆ ಇದ್ದರೆ, ಜೇನು ಹಾಕಿದ್ದೆವು ಎಂಬ ಮಾತನ್ನೇ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಲು ತಿಳಿಸಿ."