ಕೆಟಲ್‌ಬೆಲ್ ಸ್ವಿಂಗ್ ಸ್ಕ್ವಾಟ್ ಅಲ್ಲ

“ಸ್ವಿಂಗ್ ಅಂದ್ರೆ ಸ್ಕ್ವಾಟ್ ಮಾಡ್ತಾ ತೂಕ ಎತ್ತೋದು. ಬೆನ್ನು ನೋವು ಬಂದ್ರೆ ಇನ್ನೂ ಕೆಳಗೆ ಕೂರಬೇಕು, ಅಲ್ವಾ?”

ಅಲ್ಲ, ಹಾಗೆ ಕೂತರೆ ನೋವು ಜಾಸ್ತಿಯಾಗಬಹುದು. ಸ್ಕ್ವಾಟ್‌ನಲ್ಲಿ ಮಂಡಿ ಚೆನ್ನಾಗಿ ಮಡಚಿ ದೇಹ ಕೆಳಗಿಳಿಯುತ್ತದೆ. ಸ್ವಿಂಗ್‌ನಲ್ಲಿ, ಅಂದರೆ ಹಿಡಿಯಿರುವ ಕಬ್ಬಿಣದ ಗುಂಡಾದ ಕೆಟಲ್‌ಬೆಲ್ ಅನ್ನು ತೂಗುವಾಗ, ಮಂಡಿ ಸ್ವಲ್ಪವೇ ಮಡಚಬೇಕು. ಸೊಂಟದ ಕೀಲಿನಿಂದ ಬಗ್ಗಿ, ಹಿಂಭಾಗವನ್ನು ಹಿಂದಕ್ಕೆ ತಳ್ಳಬೇಕು. ತೂಕವನ್ನು ಎದೆಯ ಮಟ್ಟಕ್ಕೆ ಏರಿಸುವುದು ಸೊಂಟ ರಭಸದಿಂದ ನೆಟ್ಟಗಾಗುವ ಬಲ. ಕೈಗಳು ಬರೀ ಹಗ್ಗದ ಹಾಗೆ.

ಆಳವಾಗಿ ಕೂತಾಗ ಬೆಲ್ ಮಂಡಿಗಿಂತ ಕೆಳಗೆ ತೂಗುತ್ತದೆ. ಆಗ ಅದು ಭುಜವನ್ನು ಎಳೆಯುತ್ತದೆ, ಕೆಳಬೆನ್ನು ಗೂನಾಗುತ್ತದೆ. ಬೆಲ್ ತೊಡೆಗಳ ನಡುವೆ, ಮಂಡಿಗಿಂತ ಮೇಲೆಯೇ ಹಿಂದಕ್ಕೆ ಹೋಗಬೇಕು. ಅದು ಇಳಿಯುವಾಗ ಅವಸರದಿಂದ ಬಗ್ಗಬೇಡಿ. ಮುಂಗೈ ತೊಡೆಸಂದಿಗೆ ತಾಗುವ ಹೊತ್ತಿಗೆ ಬಗ್ಗಿದರೆ ಸಾಕು.

ಇನ್ನೊಂದು ತಪ್ಪು ಮೇಲೆ ಬಂದಾಗ ಹಿಂದಕ್ಕೆ ವಾಲುವುದು. ಅಲ್ಲಿ ಹೊಟ್ಟೆ, ಹಿಂಭಾಗ ಬಿಗಿಹಿಡಿದು ನೇರ ನಿಲ್ಲಿ.

ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ದೂರ ನಿಂತು, ಬರಿಗೈಯಲ್ಲಿ ಅಭ್ಯಾಸ ಮಾಡಿ. ಮಂಡಿ ಮುಂದೆ ಬರದೆ ಹಿಂಭಾಗ ಗೋಡೆಗೆ ತಾಗಬೇಕು. ಆಮೇಲೆ ಬೆಲ್ ಹಿಡಿದಾಗ ದಣಿವು ಹಿಂತೊಡೆಯಲ್ಲಿರಬೇಕು. ತೊಡೆಯ ಮುಂಭಾಗ ಉರಿದರೆ ನೀವಿನ್ನೂ ಕೂರುತ್ತಿದ್ದೀರಿ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.