ಹೂವಿನ ವರ್ತನೆ

ಮೈಸೂರಿನ ಅಗ್ರಹಾರದ ನಮ್ಮಜ್ಜಿ ಮನೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ಇದೆ. ಅದಕ್ಕೆ ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್. ದಿನಾ ಬೆಳಗ್ಗೆ ಹೂವಿನಾಕೆ ಗೇಟಿಗೆ ಸಿಕ್ಕಿಸಿದ ಚೀಲದಲ್ಲಿ ಅರ್ಧ ಮಾರು ಮಲ್ಲಿಗೆ ಹಾಕಿ ಹೋಗುತ್ತಾಳೆ. ಬಾರದ ದಿನ ಅಜ್ಜಿ ಆ ತಾರೀಕಿನ ಮೇಲೆ ಸೊನ್ನೆ ಸುತ್ತುತ್ತಾರೆ. ತಿಂಗಳ ಕೊನೆಗೆ ಸೊನ್ನೆ ಎಣಿಸಿ, ಅಷ್ಟು ಕಳೆದು, ದುಡ್ಡು ಕೊಡುತ್ತಾರೆ. ಇದಕ್ಕೆ ನಮ್ಮ ಕಡೆ ವರ್ತನೆ ಅನ್ನುತ್ತಾರೆ. ಹಾಲಿನ ವರ್ತನೆ, ಹೂವಿನ ವರ್ತನೆ.

ನಾನು ಈ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೇನೆ. ಮಂಡ್ಯದಿಂದ ಅಪ್ಪ ಪ್ರತಿ ಒಂದನೇ ತಾರೀಕು 4,000 ರೂಪಾಯಿ ಕಳಿಸುತ್ತಾರೆ. ಬಸ್ಸು, ಜೆರಾಕ್ಸು, ದೋಸೆ ಎಲ್ಲಾ ಅದರಲ್ಲೇ. ಮೊನ್ನೆ ಇಪ್ಪತ್ತೆರಡನೇ ತಾರೀಕು ದೋಸೆ ತಿಂದು, ಸ್ಕ್ಯಾನ್ ಮಾಡಿದೆ. ದುಡ್ಡು ಸಾಲದು ಅಂತ ಬಂತು. ಅಕೌಂಟಲ್ಲಿದ್ದದ್ದು 41 ರೂಪಾಯಿ. ದೋಸೆಯ ದುಡ್ಡನ್ನು ಗೆಳೆಯ ಕೊಟ್ಟ. ಅವನು ಅದನ್ನು ಇಡೀ ಕ್ಲಾಸಿಗೆ ಹೇಳಿದ್ದು ಬೇರೆ ವಿಷಯ.

ರಾತ್ರಿ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡೆ. ಮೊದಲು ಒಂದೇ ತಿಂಗಳದ್ದು ನೋಡಿದೆ. ಎರಡನೇ ತಾರೀಕು 149, ಐದಕ್ಕೆ 120, ಒಂಬತ್ತಕ್ಕೆ 59. ಈ 59 ನನಗೆ ಗೊತ್ತು, ಹಾಡಿನ ಆಪ್. ದಿನಾ ಕೇಳುತ್ತೇನೆ. ಮಿಕ್ಕವೆರಡು ಯಾರ ಪಾಲು? 149ರ ಎದುರಿಗೆ ಯಾವುದೋ ಕಂಪನಿಯ ಉದ್ದ ಹೆಸರು. ಆ ಹೆಸರಿನ ಆಪ್ ನನ್ನ ಫೋನಿನಲ್ಲೇ ಇಲ್ಲ. ಆಪಿಗೆ ಒಂದು ಹೆಸರು, ಅದನ್ನು ನಡೆಸುವ ಕಂಪನಿಗೆ ಇನ್ನೊಂದು ಹೆಸರು. ಸ್ಟೇಟ್‌ಮೆಂಟಿನಲ್ಲಿ ಬರುವುದು ಕಂಪನಿಯದು. 120ರ ಕಥೆ ಇನ್ನೂ ಚೆಂದ. ಅದರ ಎದುರಿಗೆ ಬರೀ ಗೂಗಲ್ ಪ್ಲೇ ಅಂತ ಇತ್ತು. ಅಂಗಡಿ ಬೀದಿಯ ಹೆಸರು ಹೇಳಿ ಅಂಗಡಿ ಯಾವುದು ಅಂತ ಹೇಳದ ಹಾಗೆ.

ಆಮೇಲೆ ಯೋಚನೆ ಬಂದು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದೆ. ಆಗ ಮೂರನೆಯದು ಸಿಕ್ಕಿತು. 399, ಮೂರು ತಿಂಗಳಿಗೊಮ್ಮೆ. ಇಂಗ್ಲಿಷ್ ಮಾತಾಡಲು ಕಲಿಸುವ ಆಪ್. ಎರಡು ಪಾಠ ಆದ ಮೇಲೆ ಅದನ್ನು ಫೋನಿನಿಂದ ತೆಗೆದುಹಾಕಿದ್ದೆ. ತೆಗೆದರೆ ಮುಗಿಯಿತು ಅಂದುಕೊಂಡಿದ್ದೆ. ಆಪ್ ಹೋಗಿತ್ತು, ವರ್ತನೆ ಹೋಗಿರಲಿಲ್ಲ. ಗೇಟಿನಿಂದ ಚೀಲ ತೆಗೆದಿಟ್ಟು ಹೂವಿನಾಕೆಗೆ ಏನೂ ಹೇಳದೆ ಇದ್ದ ಹಾಗೆ. ಆದರೆ ಚೀಲ ಕಾಣದಿದ್ದರೆ ಹೂವಿನಾಕೆ ಬಾಗಿಲು ಬಡಿದು ಕೇಳುತ್ತಿದ್ದಳು.

399ನ್ನು ಮೂರು ತಿಂಗಳಿಗೆ ಹಂಚಿದರೆ 133. 149 + 120 + 133. ತಿಂಗಳಿಗೆ 402. ವರ್ಷಕ್ಕೆ 4,824. ಅಂದರೆ ಅಪ್ಪ ಹನ್ನೆರಡು ತಿಂಗಳು ಕಳಿಸಿದರೂ ನನ್ನ ಕೈಗೆ ಹನ್ನೊಂದು ತಿಂಗಳದ್ದೂ ಬರುವುದಿಲ್ಲ. ನಮಗೆ ಆಡಿಟಿಂಗ್ ಅಂತ ಒಂದು ಪೇಪರ್ ಬೇರೆ ಇದೆ!

ಇದೆಲ್ಲಾ ಹೇಗೆ ಶುರುವಾಯಿತು ಅಂತ ಯುಪಿಐ ಆಪಿನಲ್ಲಿ ಹುಡುಕಿದೆ. ಅಲ್ಲಿ ಆಟೋಪೇ ಅಂತ ಒಂದು ಮೂಲೆ ಇದೆ. ನಾನು ಅಲ್ಲಿಗೆ ಕಾಲಿಟ್ಟೇ ಇರಲಿಲ್ಲ. ಯುಪಿಐಗೆ ಈ ಸೌಲಭ್ಯ ಬಂದದ್ದು 2020ರಲ್ಲಿ. 149ರ ಸಿನಿಮಾ ಆಪ್ ಅಲ್ಲಿ ಕೂತಿತ್ತು. ಒಂದು ಕ್ರಿಕೆಟ್ ಸರಣಿ ನೋಡಲು 1 ರೂಪಾಯಿ ಟ್ರಯಲ್ ತಗೊಂಡಿದ್ದೆ. ಆವತ್ತು ನಾನು ಪಿನ್ ಒತ್ತಿದ್ದು ಆ 1 ರೂಪಾಯಿಗೆ ಅಂದುಕೊಂಡಿದ್ದೆ. ನಿಜವಾಗಿ ಒತ್ತಿದ್ದು ಮ್ಯಾಂಡೇಟಿಗೆ, ಅಂದರೆ ಇನ್ನು ಮುಂದೆ ನನ್ನನ್ನು ಕೇಳದೆ ತೆಗೆದುಕೋ ಅನ್ನುವ ಒಪ್ಪಿಗೆ ಪತ್ರಕ್ಕೆ. ಅದರಲ್ಲಿ ಎಲ್ಲಾ ಬರೆದಿತ್ತು: ಎಷ್ಟು ದಿನಕ್ಕೊಮ್ಮೆ, ಯಾವ ತಾರೀಕಿನವರೆಗೆ, ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು. ನನ್ನ ಮ್ಯಾಂಡೇಟಿನ ಮಿತಿ 1,000. ಅಷ್ಟೂ ತೆಗೆಯುತ್ತಾರೆ ಅಂತಲ್ಲ. ಆದರೆ ನಾಳೆ 149 ಹೋಗಿ 299 ಆದರೂ ಮತ್ತೆ ಪಿನ್ ಕೇಳಬೇಕಾಗಿಲ್ಲ.

ಹಾಗಂತ ಯಾರೂ ಕದ್ದು ತೆಗೆದಿರಲಿಲ್ಲ. ದುಡ್ಡು ಕತ್ತರಿಸುವ 24 ಗಂಟೆ ಮೊದಲೇ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮೆಸೇಜಿನಲ್ಲಿ ಹುಡುಕಿದರೆ, ಇದ್ದವು! ಪ್ರತಿ ತಿಂಗಳೂ ಬಂದಿದ್ದವು. ಸಾಲ ಬೇಕಾ, ಸೈಟು ಬೇಕಾ ಅನ್ನುವ ನೂರಾರು ಮೆಸೇಜುಗಳ ನಡುವೆ, ತೆರೆಯದೆ.

ಈಗ ನಿಲ್ಲಿಸುವ ಕೆಲಸ. ಸಿಟ್ಟಿನಲ್ಲಿ ನಾನು ಮೊದಲು ಯುಪಿಐ ಆಪಿನಲ್ಲಿ ಮ್ಯಾಂಡೇಟ್‌ಗಳನ್ನೇ ರದ್ದು ಮಾಡಹೊರಟೆ. ಸಿನಿಮಾದ್ದು ಒಂದು ಪಿನ್ನಿಗೆ ಹೋಯಿತು. ಗೂಗಲ್ ಪ್ಲೇದನ್ನು ಮುಟ್ಟುವ ಮೊದಲು ದೋಸೆಯ ಗೆಳೆಯನಿಗೆ ಫೋನ್ ಮಾಡಿದೆ. "ತಡಿಯೋ," ಅಂದ. "ಅಲ್ಲಿ ಬರೀ ಮ್ಯಾಂಡೇಟ್ ಕಿತ್ತರೆ ಸಬ್‌ಸ್ಕ್ರಿಪ್ಷನ್ ಹಾಗೇ ಇರತ್ತೆ. ಅದೇ ಗೂಗಲ್ ಅಕೌಂಟಲ್ಲಿ ಬೇರೆ ಕಾರ್ಡ್ ಇದ್ರೆ ಅದ್ರಿಂದ ತಗೋಬಹುದು. ಮೊದಲು ಅಂಗಡೀಲಿ ಬೇಡ ಅನ್ನು, ಆಮೇಲೆ ಬ್ಯಾಂಕಿಗೆ ಬೇಡ ಅನ್ನು." ನನ್ನ ಅಕೌಂಟಲ್ಲಿ ಅಪ್ಪನ ಕಾರ್ಡ್ ಇತ್ತು. ಹಿಂದೊಮ್ಮೆ ಒಂದು ಗೇಮಿಗೆ ಹಾಕಿದ್ದು. ಬೆವರಿತು.

ಪ್ಲೇ ಸ್ಟೋರಿನಲ್ಲಿ ಮೇಲಿರುವ ನಮ್ಮ ಫೋಟೋ ಒತ್ತಿದರೆ `Payments & subscriptions` ಅಂತ ಬರುತ್ತದೆ, ಅದರೊಳಗೆ `Subscriptions`. ಅಲ್ಲಿ 120ರ ಮುಖ ಕಂಡಿತು. ಫೋಟೋದಲ್ಲಿ ಹಿಂದಿನ ಗೋಡೆ ಅಳಿಸಿ ಸಮುದ್ರ ಕೂರಿಸುವ ಆಪ್. ತಂಗಿಯ ಹುಟ್ಟುಹಬ್ಬಕ್ಕೆ ಒಂದೇ ಒಂದು ಸಲ ಬಳಸಿದ್ದೆ. ರದ್ದು ಮಾಡಿದೆ. ದುಡ್ಡು ಕಟ್ಟಿದ ದಿನಗಳು ಮುಗಿಯುವವರೆಗೆ ಬಳಸಬಹುದು ಅಂತ ತೋರಿಸಿತು. ಬೇಕೆಂದೇ ಅಜ್ಜಿಯ ಹಿಂದೆ ಒಂದು ಸಮುದ್ರ ಕೂರಿಸಿದೆ. ಇಂಗ್ಲಿಷ್ ಆಪನ್ನು ಬಿಡಿಸಿಕೊಳ್ಳಲು ಅದನ್ನೇ ಮತ್ತೆ ಇಳಿಸಿಕೊಳ್ಳಬೇಕಾಯಿತು, ಒಳಗೆ ಹೋಗಿ ಬೇಡ ಅನ್ನಲು. ನಾಲ್ಕು ಸಲ "ನಿಜವಾಗಲೂ?" ಅಂತ ಕೇಳಿತು. ರದ್ದಾದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ಬೆಳಗ್ಗೆ ಅಜ್ಜಿಗೆ ಎಲ್ಲಾ ಹೇಳಿದೆ. ಅಜ್ಜಿ ಹೂ ಬಿಡಿಸುತ್ತಾ ಕೇಳಿದರು.

"ಬೇಡದ ವರ್ತನೆಗೆ ವರ್ಷವೆಲ್ಲಾ ಕೊಟ್ಯಾ?"

"ಕಾಣೋದಿಲ್ಲ ಅಜ್ಜಿ. ಹೂ ಆದ್ರೆ ಗೇಟಲ್ಲಿ ಬಾಡ್ತಾ ನೇತಾಡತ್ತೆ."

"ಕಾಣದೇ ಇದ್ರೆ ಬರ್ಕೋಬೇಕು ಕಣೋ."

ಪೆನ್ಸಿಲ್ ತಗೊಂಡು ಕ್ಯಾಲೆಂಡರಿನ ಒಂಬತ್ತನೇ ತಾರೀಕಿಗೆ "ಹಾಡು 59" ಅಂತ ಬರೆದೆ. ನನಗೆ ಉಳಿದ ವರ್ತನೆ ಅದೊಂದೇ. ಈಗ ಯಾವುದಾದರೂ ಟ್ರಯಲ್ ತಗೊಂಡರೆ, ಅದು ಮುಗಿಯುವುದಕ್ಕೆ ಎರಡು ದಿನ ಮೊದಲಿನ ಮನೆಯಲ್ಲಿ ಆಪಿನ ಹೆಸರು ಬರೆಯುತ್ತೇನೆ. ಕೊನೆಯ ದಿನಕ್ಕೆ ಬಿಟ್ಟರೆ ದುಡ್ಡು ಆಗಲೇ ಹೊರಟಿರುತ್ತದೆ.

ಅಷ್ಟಕ್ಕೇ ಸುಮ್ನೆ ಇರಬಹುದಿತ್ತು. ಹೊಸದಾಗಿ ಕಲಿತವನ ಹುರುಪು ನೋಡಿ, ಅಜ್ಜಿಯ ಫೋನನ್ನೂ ನೋಡಿಬಿಡೋಣ ಅಂತ ತೆಗೆದೆ. ಅವರ ಪೆನ್ಷನ್ ಅಕೌಂಟಿನದು. ಆಟೋಪೇಯಲ್ಲಿ ಒಂದೇ ಒಂದು ಹೆಸರು. ತಿಂಗಳಿಗೆ 99, ಐದು ತಿಂಗಳಿಂದ. ಪಂಚಾಂಗದ ಆಪ್.

ಯುಗಾದಿಯ ಹೊತ್ತಿಗೆ ಕ್ಯಾಲೆಂಡರಿನ ಅಕ್ಷರ ಸಣ್ಣದು ಅಂತ ಅಜ್ಜಿ ಗೊಣಗಿದ್ದರು. ದೊಡ್ಡ ಅಕ್ಷರದ್ದು ಹಾಕಿಕೊಟ್ಟವನು ನಾನೇ. "ಒಂದೇ ರೂಪಾಯಿ ಅಜ್ಜಿ, ಪಿನ್ ಹಾಕಿ" ಅಂದವನೂ ನಾನೇ. ಅವರು ಅದನ್ನು ನೋಡಿದ್ದು ಹಬ್ಬದ ದಿನ ಒಂದು ಸಲ.

ಅಜ್ಜಿ ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡರು, ಮೋಟು ಪೆನ್ಸಿಲ್ ಹಿಡಿದರು, ಹೂವಿನಾಕೆಯ ಲೆಕ್ಕದ ಕೆಳಗೆ ನನ್ನ ಹೆಸರು ಬರೆದು ಮುಂದೆ 495 ಅಂತ ಹಾಕಿದರು.